ಕಂಪನಿಯೇ ಮಾಡಿದ ಡಿಸ್ಕ್, ಆದರೂ ನಕಲಿ: ಫೋಟೋ ನೋಡಿ ಎಷ್ಟು ತಿಳಿಯಬಹುದು?

2025ರ ಜನವರಿಯಲ್ಲಿ ಜರ್ಮನಿಯ ತಂತ್ರಜ್ಞಾನ ಪತ್ರಿಕೆ ಹೈಸೆ ಒಂದು ವರದಿ ಮಾಡಿತು. ಹೊಸದು ಎಂದು ಕಾಸು ಕೊಟ್ಟು ತಂದ ಸೀಗೇಟ್ ಹಾರ್ಡ್ ಡಿಸ್ಕ್‌ಗಳು ಅದಾಗಲೇ ಸಾವಿರಾರು ಗಂಟೆ ಓಡಿದ್ದವು. ಹಲವು 15,000 ಗಂಟೆಗಿಂತ ಜಾಸ್ತಿ, ಕೆಲವು 50,000 ಗಂಟೆಯ ಹತ್ತಿರ. ಅದೇ ವರ್ಷ ಮೇ ತಿಂಗಳಲ್ಲಿ ಮಲೇಷ್ಯಾದ ಕೌಲಾಲಂಪುರದ ಹೊರಗೆ ಒಂದು ಗೋದಾಮಿನ ಮೇಲೆ ದಾಳಿ ನಡೆಯಿತು. ಅಲ್ಲಿ ಹಳೆಯ ಡಿಸ್ಕ್‌ಗಳ ಬಳಕೆಯ ದಾಖಲೆ ಅಳಿಸಿ, ಒರೆಸಿ, ಹೊಸ ಲೇಬಲ್ ಅಂಟಿಸಿ ಮಾರಲು ಇಟ್ಟಿದ್ದರು. ಸೀಗೇಟ್ ಕಂಪನಿಯ ಸುಮಾರು 700 ಡಿಸ್ಕ್ ಸಿಕ್ಕವು.

ಸುದ್ದಿಗಳ ತಲೆಬರಹದಲ್ಲಿ ಇವುಗಳಿಗೆ 'ನಕಲಿ ಸೀಗೇಟ್ ಡಿಸ್ಕ್' ಎಂಬ ಹೆಸರು ಬಿತ್ತು. ಓದುವವರಿಗೆ ಗೊಂದಲ ಆಗುವುದು ಇಲ್ಲೇ. ಡಿಸ್ಕ್ ಮಾಡಿದ್ದು ಸೀಗೇಟ್. ಒಳಗಿನ ತಟ್ಟೆ, ಮೋಟಾರ್, ಚಿಪ್ ಎಲ್ಲವೂ ಸೀಗೇಟ್‌ದೇ. ಹಾಗಿದ್ದ ಮೇಲೆ ಅದು ನಕಲಿ ಹೇಗಾಯಿತು? ಸೆಕೆಂಡ್ ಹ್ಯಾಂಡ್ ಅನ್ನಬೇಕಲ್ವಾ? ರಿಫರ್ಬಿಷ್ಡ್ ಅಂದರೆ ಏನು ಮತ್ತೆ?

ಬೆಂಗಳೂರಿಗೆ ಇದು ದೂರದ ಮಾತಲ್ಲ. ಎಸ್‌ಪಿ ರೋಡಿನಲ್ಲಿ ದಿನವೂ ಡಿಸ್ಕ್ ಕೈ ಬದಲಾಗುತ್ತಲೇ ಇರುತ್ತದೆ. ಸಿಸಿಟಿವಿ ಹಾಕುವವರು, ಮದುವೆ ಸ್ಟುಡಿಯೊದವರು, ಸಣ್ಣ ಆಫೀಸುಗಳಿಗೆ ಸರ್ವರ್ ಕಟ್ಟಿಕೊಡುವವರು ಅಲ್ಲಿಂದಲೇ ಒಯ್ಯುತ್ತಾರೆ. ಈಗ ಜಾಸ್ತಿ ವ್ಯಾಪಾರ ಅಂಗಡಿಗೆ ಹೋಗುವ ಮೊದಲೇ ಮುಗಿದಿರುತ್ತದೆ. ವಾಟ್ಸಾಪ್‌ನಲ್ಲಿ ನಾಲ್ಕೈದು ಫೋಟೋ ಬರುತ್ತವೆ, ದುಡ್ಡು ಹೋಗುತ್ತದೆ.

ಮೂರು ಪ್ರಶ್ನೆ, ನಾಲ್ಕು ಹೆಸರು

ಯಾವುದೇ ಮಾಲಿನ ಬಗ್ಗೆ ಮೂರು ಪ್ರಶ್ನೆ ಕೇಳಬಹುದು. ಇದನ್ನು ಮಾಡಿದವರು ಯಾರು? ಯಾವ ದಾರಿಯಲ್ಲಿ ನಮ್ಮ ಕೈಗೆ ಬಂತು? ಇಲ್ಲಿಗೆ ಬರುವ ಮೊದಲು ಎಷ್ಟು ಬಳಕೆಯಾಗಿದೆ? ಈ ಮೂರನ್ನೂ ಬೇರೆ ಬೇರೆ ಇಟ್ಟುಕೊಂಡರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ನಕಲಿ ಎನ್ನುವುದು ಮೊದಲ ಪ್ರಶ್ನೆಗೆ ಸೇರಿದ್ದು. ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು. ಒಳಗೆ 64 ಜಿಬಿಯ ಮೆಮೊರಿ ಕಾರ್ಡ್ ಇಟ್ಟು, ಹೊರಗೆ ದೊಡ್ಡ ಕಂಪನಿಯ ಹೆಸರು ಮತ್ತು '16 ಟಿಬಿ' ಎಂದು ಅಚ್ಚು ಹಾಕಿದ ಎಸ್‌ಎಸ್‌ಡಿ ಶುದ್ಧ ನಕಲಿ.

ಗ್ರೇ ಮಾರ್ಕೆಟ್ ಎನ್ನುವುದು ಎರಡನೇ ಪ್ರಶ್ನೆಯದು. ಮಾಲು ಅಸಲಿ, ಹೊಸದು. ಆದರೆ ಕಂಪನಿ ಭಾರತಕ್ಕೆ ಎಂದು ಕಳಿಸಿದ್ದಲ್ಲ. ದುಬೈಯಲ್ಲೋ ಸಿಂಗಾಪುರದಲ್ಲೋ ಅಗ್ಗಕ್ಕೆ ಸಿಕ್ಕಿತು, ಯಾರೋ ತರಿಸಿ ಇಲ್ಲಿ ಮಾರಿದರು. ಅಂಗಡಿಯವರು 'ಇಂಪೋರ್ಟೆಡ್ ಪೀಸ್, ವಾರಂಟಿ ನಮ್ದೇ' ಅನ್ನುವುದು ಸಾಮಾನ್ಯವಾಗಿ ಇದಕ್ಕೇ.

ರಿಫರ್ಬಿಷ್ಡ್ ಮೂರನೇ ಪ್ರಶ್ನೆಯದು. ಮಾಲು ಅಸಲಿ, ಆದರೆ ಬಳಸಿದ್ದು. ಯಾರೋ ಪರೀಕ್ಷೆ ಮಾಡಿ, ಕೆಟ್ಟದ್ದನ್ನು ಬದಲಿಸಿ, ಮತ್ತೆ ಮಾರುತ್ತಿದ್ದಾರೆ. ಪರೀಕ್ಷೆ ಮಾಡದೆ ಸುಮ್ನೆ ಒರೆಸಿ ಇಟ್ಟರೆ ಅದು ಬರೀ ಸೆಕೆಂಡ್ ಹ್ಯಾಂಡ್.

ಇನ್ನು ರೆಪ್ಲಿಕಾ. ನಮ್ಮ ಫುಟ್‌ಪಾತ್ ಭಾಷೆಯಲ್ಲಿ 'ಫಸ್ಟ್ ಕಾಪಿ'. ಶೂ, ವಾಚು, ಇಯರ್‌ಬಡ್‌ಗಳಲ್ಲಿ ಇದು ಜಾಸ್ತಿ. ಮಾರುವವರೇ ಇದು ಕಾಪಿ ಎಂದು ಹೇಳುತ್ತಾರೆ, ಕೊಳ್ಳುವವರಿಗೂ ಗೊತ್ತಿರುತ್ತದೆ. ಯಾರಿಗೂ ಮೋಸ ಆಗಲಿಲ್ಲ, ಹಾಗಾಗಿ ತಪ್ಪಿಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಇದು ಸರಿಯಲ್ಲ. ಟ್ರೇಡ್ ಮಾರ್ಕ್ ಕಾಯ್ದೆ, 1999 ಕೊಳ್ಳುವವರನ್ನು ಮಾತ್ರ ಕಾಯುವುದಿಲ್ಲ, ಹೆಸರಿನ ಒಡೆಯರ ಹಕ್ಕನ್ನೂ ಕಾಯುತ್ತದೆ. ಅನುಮತಿ ಇಲ್ಲದೆ ಹೆಸರು, ಲೋಗೊ ಹಾಕಿದ ಮಾಲನ್ನು ಮಾರಿದರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. 'ಕಾಪಿ' ಎಂದು ಬಾಯಿಬಿಟ್ಟು ಹೇಳಿದ್ದರಿಂದ ಅದು ಕಾನೂನಿನ ಕಣ್ಣಲ್ಲಿ ಬೇರೆ ಜಾತಿಯ ಮಾಲಾಗುವುದಿಲ್ಲ. ಆದರೆ ಪದ ಒಂದೇ ಇದ್ದರೂ ವಿಷಯ ಬೇರೆ ಇರುವುದೂ ಉಂಟು. ಆಟದ ತಂಡಗಳು ತಾವೇ ಅನುಮತಿ ಕೊಟ್ಟು, ಆಟಗಾರರು ತೊಡುವುದಕ್ಕಿಂತ ಸಾದಾ ಬಟ್ಟೆಯಲ್ಲಿ 'ರೆಪ್ಲಿಕಾ ಜೆರ್ಸಿ' ಮಾರುತ್ತವೆ. ಅದು ಪೂರ್ತಿ ಕಾನೂನುಬದ್ಧ. ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಫುಟ್‌ಪಾತ್ ಮೇಲೆ ಹರವಿಕೊಂಡಿರುವ ಜೆರ್ಸಿಗೆ ಆ ಅನುಮತಿ ಇದೆಯೇ ಎನ್ನುವುದು ಬಟ್ಟೆ ನೋಡಿದರೆ ಗೊತ್ತಾಗುವುದಿಲ್ಲ.

ಹಾಗಾದರೆ ಆ ಡಿಸ್ಕ್ ಯಾವ ಗುಂಪಿಗೆ?

ಮಲೇಷ್ಯಾದ ಡಿಸ್ಕ್‌ಗೆ ಮೂರು ಪ್ರಶ್ನೆ ಹಾಕಿ ನೋಡಿ. ಮಾಡಿದವರು ಅಸಲಿ ಕಂಪನಿ. ಬಂದ ದಾರಿ ಕಳ್ಳದಾರಿ. ಬಳಕೆ ವರ್ಷಗಟ್ಟಲೆ. ಅದನ್ನು 'ಬಳಸಿದ್ದು' ಎಂದು ಹೇಳಿ ಮಾರಿದ್ದರೆ ಅದು ಸೆಕೆಂಡ್ ಹ್ಯಾಂಡ್ ಆಗುತ್ತಿತ್ತು, ತಕರಾರೇ ಇರುತ್ತಿರಲಿಲ್ಲ. ಆದರೆ ಹಳೆ ಲೇಬಲ್ ಕಿತ್ತು ಹೊಸದನ್ನು ಅಂಟಿಸಿದರು. ಆ ಹೊಸ ಲೇಬಲ್ ಕಂಪನಿ ಅಚ್ಚು ಹಾಕಿಸಿದ್ದಲ್ಲ. ಅಂದರೆ ಡಿಸ್ಕ್ ಅಸಲಿ, ಗುರುತು ನಕಲಿ. ಪತ್ರಿಕೆಗಳು 'ನಕಲಿ' ಎಂದದ್ದು ಈ ಅರ್ಥದಲ್ಲಿ ಸರಿಯೇ.

ನಮ್ಮ ಗ್ರಾಹಕ ರಕ್ಷಣಾ ಕಾಯ್ದೆ, 2019 ಇದನ್ನು ಇನ್ನೂ ನೇರವಾಗಿ ಹೇಳುತ್ತದೆ. ಬಳಸಿದ, ರಿಪೇರಿ ಮಾಡಿದ, ಹಳೆಯ ಮಾಲನ್ನು ಹೊಸದು ಎಂದು ಸುಳ್ಳು ಹೇಳಿ ಮಾರುವುದು 'ಅನುಚಿತ ವ್ಯಾಪಾರ ಪದ್ಧತಿ'. ಇಲ್ಲಿ ನಕಲಿಯೋ ಅಸಲಿಯೋ ಎಂಬ ಚರ್ಚೆಯೇ ಬೇಡ. ಏನು ಹೇಳಿ ಮಾರಿದರು ಎನ್ನುವುದಷ್ಟೇ ಮುಖ್ಯ.

ಇಷ್ಟೊಂದು ಹಳೆ ಡಿಸ್ಕ್ ಬಂದದ್ದೆಲ್ಲಿಂದ ಎಂಬುದಕ್ಕೂ ಕಾರಣ ಇದೆ. 2021ರಲ್ಲಿ ಚಿಯಾ ಎಂಬ ಕ್ರಿಪ್ಟೊ ನಾಣ್ಯ ಬಂತು. ಬೇರೆ ಕೆಲವು ನಾಣ್ಯ ಗಳಿಸಲು ಗ್ರಾಫಿಕ್ಸ್ ಕಾರ್ಡ್ ಬೇಕಾಗುವ ಹಾಗೆ ಇದನ್ನು ಗಳಿಸಲು ಡಿಸ್ಕ್‌ನ ಖಾಲಿ ಜಾಗ ಬೇಕು. ಚೀನಾದಲ್ಲಿ ಜನ ದೊಡ್ಡ ದೊಡ್ಡ ಡಿಸ್ಕ್ ರಾಶಿ ಹಾಕಿ ಹಗಲು ರಾತ್ರಿ ಓಡಿಸಿದರು. ಲಾಭ ಇಳಿಯಿತು, ಡಿಸ್ಕ್ ಹೊರಗೆ ಬಿತ್ತು. ವರ್ಷಕ್ಕೆ 8,760 ಗಂಟೆ. ಬಿಡದೆ ಮೂರು ವರ್ಷ ಓಡಿದರೆ 26,000 ಗಂಟೆ ದಾಟುತ್ತದೆ. ಜರ್ಮನಿಯಲ್ಲಿ ಕಂಡ ಹಲವು ಡಿಸ್ಕ್‌ಗಳ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುತ್ತದೆ. ಮಾಲು ಚೀನಾದ ಗೋದಾಮುಗಳಿಂದಲೇ ಬಂದಿರಬೇಕು ಎಂದು ತನಿಖೆ ಮಾಡಿದವರು ಅನುಮಾನಪಟ್ಟದ್ದು ಅದಕ್ಕೇ. ಮಾರಿದ ಅಂಗಡಿಗಳಲ್ಲಿ ಎಷ್ಟೋ ಮಂದಿಗೆ ತಾವು ಹಳೆ ಮಾಲು ಮಾರುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಎಸ್‌ಪಿ ರೋಡಿನ ವ್ಯಾಪಾರಿಗಳ ಬಗ್ಗೆ ಮಾತಾಡುವಾಗಲೂ ಇದು ನೆನಪಿರಬೇಕು. ಸರಬರಾಜಿನ ಮೇಲಿನ ಮೆಟ್ಟಿಲಲ್ಲಿ ಆದ ಮೋಸ ಕೆಳಗಿನ ಅಂಗಡಿಯವರ ತಲೆಗೆ ಬರುತ್ತದೆ.

ಐದು ಫೋಟೋ, ಒಂದೊಂದಾಗಿ

ಒಂದು ಸಂದರ್ಭ ಊಹಿಸಿಕೊಳ್ಳೋಣ. ವಿಜಯನಗರದ ಒಬ್ಬ ಮದುವೆ ಫೋಟೋಗ್ರಾಫರ್‌ಗೆ 16 ಟಿಬಿಯ ಸೀಗೇಟ್ ಎಕ್ಸೋಸ್ ಡಿಸ್ಕ್ ಬೇಕು. ಎರಡು ಸೀಸನ್‌ನ ಮದುವೆಗಳನ್ನು ಅದರಲ್ಲಿ ಇಡಬೇಕು. ಒಬ್ಬ ಮಾರಾಟಗಾರ ಅಂಗಡಿ ಬೆಲೆಗಿಂತ ಮೂರು ಸಾವಿರ ಕಡಿಮೆ ಹೇಳಿ ಐದು ಫೋಟೋ ಕಳಿಸುತ್ತಾನೆ.

ಮೊದಲನೆಯದು, ಸೀಲ್ ಇರುವ ಬೆಳ್ಳಿ ಬಣ್ಣದ ಕವರ್. ಇದರಿಂದ ಏನೂ ಸಾಬೀತಾಗುವುದಿಲ್ಲ. ಅಂಥ ಕವರ್ ಕಟ್ಟುಗಟ್ಟಲೆ ಸಿಗುತ್ತದೆ, ಸೀಲ್ ಹಾಕುವ ಮೆಷಿನ್ ಕೂಡ ಅಗ್ಗ. ಸೀಲ್ ಹೇಳುವುದು ಇಷ್ಟೇ: ಯಾರೋ ಇದನ್ನು ಒಮ್ಮೆ ಮುಚ್ಚಿದ್ದಾರೆ.

ಎರಡನೆಯದು, ಲೇಬಲ್‌ನ ಹತ್ತಿರದ ಚಿತ್ರ. ಐದರಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಮಾಡೆಲ್ ನಂಬರ್, ಸೀರಿಯಲ್ ನಂಬರ್, ತಯಾರಾದ ದಿನಾಂಕ ಇದರಲ್ಲಿ ಇರುತ್ತವೆ. ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಬಹುದು. ಆ ನಂಬರ್ ಇಲ್ಲವೇ ಇಲ್ಲ ಎಂದು ಬಂದರೆ, ಅಥವಾ ಬೇರೆ ಮಾಡೆಲ್ ತೋರಿಸಿದರೆ, ಅಲ್ಲಿಗೆ ಮಾತು ಮುಗಿಯಿತು. ಆದರೆ 'ನಂಬರ್ ಸರಿ ಇದೆ, ವಾರಂಟಿ ಇದೆ' ಎಂದು ಬಂದರೆ? ಆ ನಂಬರಿನ ಡಿಸ್ಕ್ ಒಂದು ಪ್ರಪಂಚದಲ್ಲಿ ಎಲ್ಲೋ ಇದೆ ಎಂದಷ್ಟೇ ಅರ್ಥ. ಒಂದು ಅಸಲಿ ನಂಬರನ್ನು ಹತ್ತು ಲೇಬಲ್ ಮೇಲೆ ಅಚ್ಚು ಹಾಕಬಹುದು. ಫೋಟೋದಲ್ಲಿರುವ ಲೇಬಲ್ ಆ ಡಿಸ್ಕಿನದೇ ಎಂದು ಫೋಟೋ ಹೇಳಲಾರದು.

'ವಾರಂಟಿ ಇಲ್ಲ' ಎಂಬ ಉತ್ತರಕ್ಕೂ ಹಲವು ಅರ್ಥ ಇದೆ. ಕಂಪ್ಯೂಟರ್ ಕಂಪನಿಗೆ ಸಗಟಾಗಿ ಕೊಟ್ಟ ಡಿಸ್ಕ್ ಆಗಿದ್ದರೆ ಸೀಗೇಟ್ ನೇರವಾಗಿ ವಾರಂಟಿ ಕೊಡುವುದಿಲ್ಲ. ಬೇರೆ ದೇಶಕ್ಕೆ ಹೋದ ಮಾಲಿಗೆ ಇಲ್ಲಿ ಕೊಡದಿರಬಹುದು. ಐದು ವರ್ಷದ ಅವಧಿ ಮುಗಿದಿದ್ದರೂ ಇಲ್ಲ. ಒಂದೇ ಉತ್ತರದ ಹಿಂದೆ ಗ್ರೇ ಮಾಲೂ ಇರಬಹುದು, ಹಳೆ ಮಾಲೂ ಇರಬಹುದು. ತಯಾರಾದ ದಿನಾಂಕ 2021 ಎಂದಿದ್ದರೆ ಅನುಮಾನ ಪಡಬೇಕು, ಆದರೆ ಗೋದಾಮಿನಲ್ಲಿ ಉಳಿದ ಹಳೆ ಸ್ಟಾಕ್ ಎನ್ನುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಮೂರನೆಯದು, ಕೇಬಲ್ ಸಿಕ್ಕಿಸುವ ಸಾಟಾ ಬಾಯಿ ಮತ್ತು ಸ್ಕ್ರೂ ತೂತುಗಳು. ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಉದ್ದುದ್ದ ಗೀರು ಇದ್ದರೆ ಕೇಬಲ್ ಹಲವು ಸಲ ಹೋಗಿ ಬಂದಿದೆ ಎಂದರ್ಥ. ಸ್ಕ್ರೂ ತೂತಿನ ಸುತ್ತ ಬಣ್ಣ ಕಿತ್ತಿದ್ದರೆ ಎಲ್ಲೋ ಕೂರಿಸಿದ್ದರು ಎಂದರ್ಥ. ಇವು ಒಳ್ಳೆಯ ಸಾಕ್ಷಿಗಳು. ಗೀರು ಕಾಣದಿದ್ದರೆ? ಹೊಸದು ಎಂದು ಹೇಳಲಾಗದು. ಸರ್ವರ್‌ನಲ್ಲಿ ಒಮ್ಮೆ ಕೂರಿಸಿದ ಡಿಸ್ಕನ್ನು ಮೂರು ವರ್ಷ ಯಾರೂ ಮುಟ್ಟದೇ ಇರಬಹುದು. ಬೆಳಕು ಸ್ವಲ್ಪ ಬೇರೆ ಕಡೆಯಿಂದ ಬಿದ್ದರೂ ಗೀರು ಮಾಯವಾಗುತ್ತದೆ.

ನಾಲ್ಕನೆಯದು ಅತಿ ಹೆಚ್ಚು ಮೋಸ ಮಾಡುವಂಥದ್ದು. ಡಿಸ್ಕ್ ಪರೀಕ್ಷೆಯ ಸಾಫ್ಟ್‌ವೇರ್‌ನ ಸ್ಕ್ರೀನ್‌ಶಾಟ್, ಅದರಲ್ಲಿ `Power On Hours` ಎದುರು ಸೊನ್ನೆ. ಇದು ಡಿಸ್ಕ್ ತನ್ನೊಳಗೇ ಇಟ್ಟುಕೊಳ್ಳುವ ಸ್ಮಾರ್ಟ್ ದಾಖಲೆ. ಜರ್ಮನಿಯಲ್ಲಿ ಬಯಲಾದ ಡಿಸ್ಕ್‌ಗಳಲ್ಲೂ ಇದು ಸೊನ್ನೆಯ ಹತ್ತಿರವೇ ಇತ್ತು. ಏಕೆಂದರೆ ಅದನ್ನು ಅಳಿಸಲು ಬರುತ್ತದೆ. ಸ್ಕ್ರೀನ್‌ಶಾಟ್ ಸುಳ್ಳಲ್ಲದಿದ್ದರೂ ಅದು ತೋರಿಸುವ ಅಂಕಿ ಸುಳ್ಳಿರಬಹುದು.

ಐದನೆಯದು ಬಾಕ್ಸ್. ಇಲ್ಲಿ ಮಾತ್ರ ಫೋಟೋ ಒಂದು ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಡುತ್ತದೆ. ಆಮದು ಮಾಡಿ ಪ್ಯಾಕ್‌ನಲ್ಲಿ ಮಾರುವ ಮಾಲಿನ ಮೇಲೆ ಆಮದುದಾರರ ಹೆಸರು ವಿಳಾಸ, ತಯಾರಾದ ದೇಶ, ಎಂಆರ್‌ಪಿ, ದೂರು ಹೇಳಬೇಕಾದ ನಂಬರ್ ಇರಬೇಕು ಎಂದು 2011ರ ಪ್ಯಾಕೇಜ್ ನಿಯಮಗಳು ಹೇಳುತ್ತವೆ. ಆ ಸ್ಟಿಕರ್ ಇಲ್ಲದಿದ್ದರೆ ಮಾಲು ಅಧಿಕೃತ ದಾರಿಯಲ್ಲಿ ಬಂದಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಸ್ಟಿಕರ್ ಇದ್ದರೆ ಆ ಆಮದುದಾರರಿಗೆ ಫೋನ್ ಮಾಡಿ ಸೀರಿಯಲ್ ನಂಬರ್ ಹೇಳಿ ಕೇಳಬಹುದು. ಬರೀ ಡಿಸ್ಕ್, ಬಾಕ್ಸ್ ಇಲ್ಲ ಎಂದರೆ ಈ ದಾರಿಯೂ ಮುಚ್ಚಿತು.

ಐದೂ ಫೋಟೋಗಳಲ್ಲಿ ಒಂದೇ ಸ್ವಭಾವ ಕಾಣುತ್ತದೆ. ಕೆಟ್ಟದ್ದು ಕಂಡರೆ ನಂಬಬಹುದು, ಕೆಟ್ಟದ್ದು ಕಾಣಲಿಲ್ಲ ಎಂದರೆ ನಂಬುವಂತಿಲ್ಲ. ಮೂರು ಪ್ರಶ್ನೆಗಳ ಲೆಕ್ಕದಲ್ಲಿ ಹೇಳುವುದಾದರೆ ಫೋಟೋ 'ಯಾವ ದಾರಿ' ಎಂಬುದಕ್ಕೆ ಒಂದಿಷ್ಟು, 'ಯಾರು ಮಾಡಿದ್ದು' ಎಂಬುದಕ್ಕೆ ಅಲ್ಪಸ್ವಲ್ಪ ಉತ್ತರ ಕೊಡುತ್ತದೆ. 'ಎಷ್ಟು ಬಳಕೆ' ಎಂಬುದಕ್ಕೆ ಹೆಚ್ಚುಕಡಿಮೆ ಮೂಕ.

ಫೋಟೋ ಬೇರೆಯವರದ್ದೇ ಎಂಬ ಅನುಮಾನವಿದ್ದರೆ ಇಂದಿನ ದಿನಾಂಕ ಬರೆದ ಚೀಟಿಯನ್ನು ಲೇಬಲ್ ಪಕ್ಕ ಇಟ್ಟು ಹೊಸದಾಗಿ ತೆಗೆದು ಕಳಿಸಿ ಎಂದು ಕೇಳುವುದು ರೂಢಿ. ಕೇಳಲೇಬೇಕು. ಆದರೆ ಆ ಚೀಟಿಯಿಂದ ಡಿಸ್ಕ್ ಆ ದಿನ ಅವರ ಕೈಯಲ್ಲಿತ್ತು ಎಂಬುದು ಮಾತ್ರ ಗೊತ್ತಾಗುತ್ತದೆ.

ಕೈಗೆ ಬಂದ ಮೇಲೆ

ಫೋಟೋ ಹೇಳದ್ದನ್ನು ಡಿಸ್ಕನ್ನೇ ಕೇಳಬೇಕು. ಕಂಪ್ಯೂಟರ್‌ಗೆ ಸೇರಿಸಿ, ಉಚಿತವಾಗಿ ಸಿಗುವ ಸ್ಮಾರ್ಟ್‌ಮನ್‌ಟೂಲ್ಸ್ ಹಾಕಿಕೊಂಡು, ಅಡ್ಮಿನ್ ಅನುಮತಿಯಲ್ಲಿ ಎರಡು ಸಾಲು ಓಡಿಸಿದರೆ ಸಾಕು. ಅದರ ಆವೃತ್ತಿ 7.4 ಅಥವಾ ಅದಕ್ಕಿಂತ ಹೊಸದಿರಬೇಕು. ಡಿಸ್ಕಿನ ಹೆಸರು ನಿಮ್ಮ ಕಂಪ್ಯೂಟರ್‌ನಲ್ಲಿ ಬೇರೆ ಇರಬಹುದು.

```
smartctl -a /dev/sda
smartctl -l farm /dev/sda
```

ಮೊದಲ ಸಾಲು ಡಿಸ್ಕಿನೊಳಗೆ ಬರೆದಿರುವ ಸೀರಿಯಲ್ ನಂಬರ್ ಮತ್ತು ಸ್ಮಾರ್ಟ್ ಗಂಟೆಗಳನ್ನು ತೋರಿಸುತ್ತದೆ. ಆ ನಂಬರ್ ಲೇಬಲ್‌ನ ನಂಬರಿಗೆ ಹೊಂದದಿದ್ದರೆ ಲೇಬಲ್ ಬದಲಾಗಿದೆ. ಎರಡನೇ ಸಾಲು ಫಾರ್ಮ್ ಎಂಬ ಇನ್ನೊಂದು ದಾಖಲೆಯನ್ನು ತೆರೆಯುತ್ತದೆ. ಇದು ಸೀಗೇಟ್ ಡಿಸ್ಕ್‌ಗಳಲ್ಲಿ ಮಾತ್ರ ಸಿಗುತ್ತದೆ. ಜರ್ಮನಿಯ ಮೋಸ ಸಿಕ್ಕಿಬಿದ್ದದ್ದು ಇಲ್ಲೇ. ಸ್ಮಾರ್ಟ್‌ನಲ್ಲಿ ಗಂಟೆ ಅಳಿಸಿದ್ದರು, ಫಾರ್ಮ್‌ನಲ್ಲಿ ಹಾಗೇ ಉಳಿದಿತ್ತು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಇರಬೇಕು. ಒಂದು ಕಡೆ 2, ಇನ್ನೊಂದು ಕಡೆ 26,000 ಎಂದರೆ ಮತ್ತೇನೂ ನೋಡಬೇಕಿಲ್ಲ. ಎರಡೂ ಕಡೆ ಸೊನ್ನೆ ಇದ್ದರೆ ನೂರಕ್ಕೆ ನೂರು ಹೊಸದು ಎಂದೂ ಅಲ್ಲ. ಒಂದು ದಾಖಲೆ ಅಳಿಸಲು ಕಲಿತವರು ಇನ್ನೊಂದನ್ನೂ ಕಲಿಯಬಹುದು.

ಕಂಪನಿ ಒಂದು ಕಡೆ, ವ್ಯಾಪಾರಿ ಇನ್ನೊಂದು ಕಡೆ

ಗ್ರೇ ಮಾಲು ಮತ್ತು ರಿಫರ್ಬಿಷ್ಡ್ ಮಾಲನ್ನು ಕಂಪನಿಗಳು ಇಷ್ಟಪಡುವುದಿಲ್ಲ. ಒಂದು ದೇಶದ ಬೆಲೆ ಇನ್ನೊಂದು ದೇಶದಲ್ಲಿ ಕೆಡುತ್ತದೆ, ಕೆಟ್ಟ ಮಾಲಿನ ಅಪವಾದ ತಮ್ಮ ಹೆಸರಿಗೆ ಬರುತ್ತದೆ ಎನ್ನುವುದು ಅವರ ವಾದ. ಒಮ್ಮೆ ಕಂಪನಿ ಮಾರಿ ದುಡ್ಡು ತೆಗೆದುಕೊಂಡ ಮೇಲೆ ಆ ಮಾಲು ಯಾರ ಕೈಗೆ ಹೋದರೆ ಅವರಿಗೇನು ಎನ್ನುವುದು ವ್ಯಾಪಾರಿಗಳ ವಾದ.

ಗ್ರೇ ಮಾಲಿನ ಜಗಳ ದೆಹಲಿ ಹೈಕೋರ್ಟ್‌ಗೆ ಹೋಗಿತ್ತು. ಕಪಿಲ್ ವಾಧ್ವಾ ಎಂಬ ವ್ಯಾಪಾರಿ ಹೊರಗಿನಿಂದ ತರಿಸಿದ ಸ್ಯಾಮ್‌ಸಂಗ್ ಪ್ರಿಂಟರ್ ಮಾರುತ್ತಿದ್ದರು, ಕಂಪನಿ ಕೇಸು ಹಾಕಿತು. 2012ರ ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ಮಾರಾಟಕ್ಕೆ ಅನುಮತಿ ಕೊಟ್ಟಿತು. ಆದರೆ ಒಂದು ಷರತ್ತು: ಇದು ಆಮದು ಮಾಡಿದ ಮಾಲು, ಇದಕ್ಕೆ ಸ್ಯಾಮ್‌ಸಂಗ್ ವಾರಂಟಿ ಇಲ್ಲ ಎಂದು ಅಂಗಡಿಯಲ್ಲಿ ಎದ್ದು ಕಾಣುವಂತೆ ಬರೆದು ಹಾಕಬೇಕು.

ರಿಫರ್ಬಿಷ್ಡ್ ಡಿಸ್ಕ್‌ಗಳ ಕೇಸಿನಲ್ಲಿ 2024ರ ಮೇ ತಿಂಗಳಲ್ಲಿ ಅದೇ ಹೈಕೋರ್ಟ್ ಆದೇಶ ಕೊಟ್ಟಿತು. ಅವಧಿ ಮುಗಿದ ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಡಿಸ್ಕ್‌ಗಳನ್ನು ತರಿಸಿ, ಹಳೆ ಹೆಸರು ತೆಗೆದು, ತಮ್ಮ ಹೆಸರಲ್ಲಿ ಎರಡು ವರ್ಷ ವಾರಂಟಿ ಕೊಟ್ಟು ಮಾರುತ್ತಿದ್ದ ಕಂಪನಿಗಳ ಮೇಲಿನ ಕೇಸು ಅದು. ಮಾರಬೇಡಿ ಎಂದು ಕೋರ್ಟ್ ಹೇಳಲಿಲ್ಲ. ಮೂಲದಲ್ಲಿ ಯಾರು ಮಾಡಿದ್ದು, ಅವರ ವಾರಂಟಿ ಇಲ್ಲ, ಇದು ಬಳಸಿ ರಿಫರ್ಬಿಷ್ ಮಾಡಿದ್ದು ಎಂದು ಪ್ಯಾಕ್ ಮೇಲೆ ಸ್ಪಷ್ಟವಾಗಿ ಹೇಳಿ ಮಾರಿ ಎಂದಿತು.

ಈ ನಿಲುವು ಸರಿಯಾದದ್ದೇ. ಓಡುವ ಡಿಸ್ಕನ್ನು ಕಸಕ್ಕೆ ಹಾಕುವುದರಲ್ಲಿ ಅರ್ಥವಿಲ್ಲ. ಸಿಸಿಟಿವಿಯ ಒಂದು ವಾರದ ರೆಕಾರ್ಡಿಂಗ್ ಇಡಲು ರಿಫರ್ಬಿಷ್ಡ್ ಡಿಸ್ಕ್ ಸಾಕಾಗಬಹುದು. ಮದುವೆಯ ಒಂದೇ ಪ್ರತಿ ಇಡಲು ಬೇಡ. ಆ ಆಯ್ಕೆ ಕೊಳ್ಳುವವರು ಮಾಡಬೇಕಾದರೆ ಅವರಿಗೆ ನಿಜ ಗೊತ್ತಿರಬೇಕು. ಸುಳ್ಳು ಲೇಬಲ್‌ನ ಇನ್ನೊಂದು ಪೆಟ್ಟು ಪ್ರಾಮಾಣಿಕ ರಿಫರ್ಬಿಷರ್‌ಗೂ ಬೀಳುತ್ತದೆ. ಅವರು 'ಬಳಸಿದ್ದು' ಎಂದು ಬರೆದು ಅರ್ಧ ಬೆಲೆ ಹೇಳುವಾಗ ಪಕ್ಕದವರು ಅದೇ ಡಿಸ್ಕನ್ನು 'ಹೊಸದು' ಎಂದು ಪೂರ್ತಿ ಬೆಲೆಗೆ ಮಾರುತ್ತಾರೆ. ದೆಹಲಿಯ ತೀರ್ಪು ಕರ್ನಾಟಕ ಹೈಕೋರ್ಟನ್ನು ಕಟ್ಟಿಹಾಕುವುದಿಲ್ಲ, ಆದರೆ ಇಲ್ಲಿ ಅಂಥ ಕೇಸು ಬಂದರೆ ಮೊದಲು ತೆರೆಯುವ ಪುಟ ಅದೇ ಆಗಿರುತ್ತದೆ.

ಕೊಂಡವರ ಕೈಯಲ್ಲಿರುವ ಫೋಟೋ

ವಿಜಯನಗರದ ಫೋಟೋಗ್ರಾಫರ್ ಡಿಸ್ಕ್ ಕೊಂಡೇ ಬಿಟ್ಟರು ಅಂದುಕೊಳ್ಳಿ. ಅಲ್ಲಿಂದ ಫೋಟೋದ ಬೆಲೆಯೇ ಬದಲಾಗುತ್ತದೆ. ಮಾರುವವರ ಫೋಟೋ ಮಾಲು ಅಸಲಿ ಎಂದು ತೋರಿಸಲಾರದು, ಆದರೆ ಅವರು ಏನು ಹೇಳಿದರು ಎಂಬುದಕ್ಕೆ ಅದೇ ಸಾಕ್ಷಿ. 'ಬ್ರ್ಯಾಂಡ್ ನ್ಯೂ, ಸೀಲ್ಡ್' ಎಂಬ ಮೆಸೇಜು, ಸೊನ್ನೆ ಗಂಟೆಯ ಸ್ಕ್ರೀನ್‌ಶಾಟು, ಯಾವುದನ್ನೂ ಅಳಿಸಬಾರದು. ಕವರ್ ಒಡೆಯುವ ಮೊದಲಿನಿಂದ ವಿಡಿಯೊ ಮಾಡಬೇಕು, ಲೇಬಲ್‌ನ ಸೀರಿಯಲ್ ನಂಬರ್ ಅದರಲ್ಲಿ ಓದುವಂತಿರಬೇಕು.

ಬಿಲ್ ಬಗ್ಗೆ ಗಟ್ಟಿಯಾಗಿರಬೇಕು. ಬಿಲ್ ಕೊಡದಿರುವುದೂ 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. 'ಹೊಸದು' ಎಂಬ ಪದ ಮತ್ತು ಸೀರಿಯಲ್ ನಂಬರ್ ಎರಡೂ ಬಿಲ್ ಮೇಲೆ ಬರಬೇಕು. ತಕರಾರಾದರೆ 1915 ಗ್ರಾಹಕ ಸಹಾಯವಾಣಿಗೆ ಮೊದಲು ದೂರು ಹೇಳಬಹುದು, ನಂತರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಐದು ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. ದೂರು ಕೊಡಲು ಎರಡು ವರ್ಷ ಸಮಯ ಇದೆ.

ಆ ದೂರಿಗೆ ಬೇಕಾದ ಮುಖ್ಯ ಚಿತ್ರವನ್ನು ಮೊದಲ ಸಂಜೆಯೇ ತೆಗೆದಿಡಬೇಕು, ಒಂದು ಮದುವೆಯನ್ನೂ ಕಾಪಿ ಮಾಡುವ ಮೊದಲು. ಸ್ಕ್ರೀನ್ ಮೇಲೆ ಸೀರಿಯಲ್ ನಂಬರ್ ಮತ್ತು ಫಾರ್ಮ್ ಗಂಟೆಗಳು, ಪಕ್ಕದಲ್ಲಿ ಅದೇ ಡಿಸ್ಕ್, ಅದರ ಪಕ್ಕದಲ್ಲಿ ಅದೇ ನಂಬರ್ ಬರೆದ ಇಂದಿನ ಬಿಲ್. ಎಲ್ಲವೂ ಒಂದೇ ಚೌಕಟ್ಟಿನಲ್ಲಿ. ಬಿಲ್ ಆಗಿ ಐದು ಗಂಟೆಯೂ ಆಗಿರುವುದಿಲ್ಲ. ಸ್ಕ್ರೀನ್ 26,000 ಎನ್ನುತ್ತಿದ್ದರೆ ಉಳಿದ 25,995 ಗಂಟೆ ಎಲ್ಲಿ ಓಡಿತು ಎಂದು ಮಾರಿದವರೇ ಹೇಳಬೇಕಾಗುತ್ತದೆ.